ಬ್ಯಾಟರಿ ಮೇಲೆ 150, ಮನೆಯಲ್ಲಿ ಮೂರೇ ತಾಸು

ಗೋಕಾಕ, ಮೂಡಲಗಿಗೆ ಕರೆಂಟು ಹೆಸ್ಕಾಂನದು. ಹುಕ್ಕೇರಿ ಕಡೆಯ ಹಳ್ಳಿಗಳಿಗೆ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. ಆದರೆ ಬ್ಯಾಟರಿ ಅಂಗಡಿಯಲ್ಲಿ ಮೂರೂ ಊರಿನವರ ಪ್ರಶ್ನೆ ಒಂದೇ: ‘ಎಷ್ಟ್ ತಾಸು ಬರ್ತೈತ್ರಿ?’

ಮೂರು ಫ್ಯಾನು, ಐದು ಎಲ್‌ಇಡಿ ಬಲ್ಬು, ವೈಫೈ, ಮೊಬೈಲ್ ಚಾರ್ಜರ್ ಸೇರಿ ಸುಮಾರು 300 ವ್ಯಾಟ್ ಎನ್ನೋಣ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ಭಾಗಿಸಿದರೆ ಆರು ತಾಸು. ಅಂಗಡಿಯ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ.

ಆದರೆ ಆ 150 ಎಂಬುದು ಸಾಮಾನ್ಯವಾಗಿ ‘ಸಿ20’ ಅಳತೆ. ಏಳೂವರೆ ಆಂಪಿಯರ್‌ನಂತೆ ನಿಧಾನಕ್ಕೆ 20 ತಾಸು ಬಳಸಿದರೆ ಸಿಗುವುದು ಅಷ್ಟು. ನಮ್ಮ ಮನೆಯ ಲೋಡು, ಇನ್ವರ್ಟರ್‌ನ ನಷ್ಟವೂ ಸೇರಿ, ಸುಮಾರು 30 ಆಂಪಿಯರ್ ಎಳೆಯುತ್ತದೆ. ಹಾಗೆ ಜೋರಾಗಿ ಎಳೆದರೆ ಅದೇ ಬ್ಯಾಟರಿ ಹೆಚ್ಚುಕಡಿಮೆ 125 ಎಎಚ್ ಮಾತ್ರ ಕೊಡುತ್ತದೆ. ಇನ್ವರ್ಟರ್‌ನಲ್ಲೇ ಐದರಲ್ಲೊಂದು ಭಾಗ ಬಿಸಿಯಾಗಿ ಕಳೆಯುತ್ತದೆ. ಬ್ಯಾಟರಿ ಬಾಳಲೆಂದು ಐದರಲ್ಲೊಂದು ಭಾಗ ಉಳಿಸಬೇಕು. ಎಲ್ಲ ಕಳೆದರೆ ಉಳಿಯುವುದು ಮೂರು ತಾಸು ಚಿಲ್ಲರೆ. ಅದೂ ಬ್ಯಾಟರಿ ಹೊಸದಿರುವಾಗ.

ಪದೇ ಪದೇ ಕರೆಂಟು ಹೋಗುವ ಊರಲ್ಲಿ ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಮೂರು ತಾಸು ಬಳಸಿದ್ದನ್ನು 15 ಆಂಪಿಯರ್ ಚಾರ್ಜರ್ ತುಂಬಿಸಲು ಎಂಟರಿಂದ ಹತ್ತು ತಾಸು ಬೇಕು. ವೋಲ್ಟೇಜ್ ಕಮ್ಮಿಯಿದ್ದರೆ ಇನ್ನೂ ಹೆಚ್ಚು. ಅಷ್ಟರೊಳಗೆ ಮತ್ತೆ ಕರೆಂಟು ಹೋದರೆ ಸೀಸದ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಇದರ ಗುರುತು ಸುಲಭ: ಚಾರ್ಜ್ ಬೇಗ ತುಂಬಿದಂತೆ ತೋರಿಸಿ, ಬೇಗ ಖಾಲಿಯಾಗುತ್ತದೆ. ಡಿಸ್ಟಿಲ್ಡ್ ನೀರಿನ ಬದಲು ಬೋರಿನ ನೀರು ಹಾಕಿದರೆ ಬ್ಯಾಟರಿ ಇನ್ನೂ ಬೇಗ ಕೆಡುತ್ತದೆ.

ದಿನಕ್ಕೆ ಒಂದೆರಡು ಸಲ ಹೋಗಿ, ರಾತ್ರಿಯಿಡೀ ಕರೆಂಟು ಇರುವ ಕಡೆ ಎತ್ತರದ ಟ್ಯೂಬುಲರ್ ಬ್ಯಾಟರಿ ಸಾಕು. ಫ್ಲ್ಯಾಟ್ ಪ್ಲೇಟಿನದು ಅಗ್ಗ, ಆದರೆ ಇಷ್ಟು ದುಡಿಮೆ ತಾಳದು. ದಿನಕ್ಕೆ ನಾಲ್ಕೈದು ಸಲ ಹೋಗುವ ಕಡೆ ಲಿಥಿಯಂ ಐರನ್ ಫಾಸ್ಫೇಟ್ ಲೇಸು. ಅದು ಬೇಗ ತುಂಬುತ್ತದೆ, ಅರೆಬರೆ ಚಾರ್ಜಿಗೆ ಕೆಡುವುದಿಲ್ಲ. ಬೆಲೆ ಹೆಚ್ಚು, ನಿಮ್ಮ ಇನ್ವರ್ಟರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯೇ ಎಂದು ಮೊದಲೇ ನೋಡಬೇಕು.

ವಾರಂಟಿ ‘36+24’ ಎಂದಿದ್ದರೆ ಐದು ವರ್ಷವೂ ಪುಕ್ಕಟೆ ಎಂದಲ್ಲ. ಮೊದಲ 36 ತಿಂಗಳು ಬದಲಿ ಬ್ಯಾಟರಿ, ಆಮೇಲಿನ 24 ತಿಂಗಳು ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ. ಬದಲಿ ಕೊಟ್ಟರೂ ಸಾಮಾನ್ಯವಾಗಿ ವಾರಂಟಿ ಮೊದಲ ಬಿಲ್ಲಿನ ತಾರೀಖಿನಿಂದಲೇ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಮೂರು ತಾಸು ಸಾಲದೆಂದು ಎರಡನೇ ಬ್ಯಾಟರಿ ಕೊಳ್ಳುವ ಮುನ್ನ ಫ್ಯಾನಿನತ್ತ ನೋಡಿ. ಹಳೆಯದು 75 ವ್ಯಾಟ್ ಎಳೆದರೆ, ಬಿಎಲ್‌ಡಿಸಿ ಫ್ಯಾನು ಸುಮಾರು 30. ಮೂರನ್ನೂ ಬದಲಿಸಿದರೆ ಲೋಡು 165 ವ್ಯಾಟಿಗಿಳಿಯುತ್ತದೆ. ಆಗ ಅದೇ ಬ್ಯಾಟರಿ ಅಂಗಡಿಯವರು ಹೇಳಿದ ಆರು ತಾಸನ್ನು ನಿಜಕ್ಕೂ ಕೊಡುತ್ತದೆ.