ಮೈಂಡ್‌ಫುಲ್‌ನೆಸ್ ಅಂದ್ರೆ ಮನಸ್ಸು ಖಾಲಿ ಮಾಡೋದಾ?

“ಹತ್ತು ನಿಮಿಷ ಕಣ್ಣು ಮುಚ್ಚಿ ಕೂತೆ, ತಲೆ ತುಂಬ ಬರೀ ಯೋಚನೆಗಳೇ. ಇದು ನನ್ನ ಕೈಲಾಗಲ್ಲ.” ಆ್ಯಪ್ ಹಾಕಿಕೊಂಡು ಮೈಂಡ್‌ಫುಲ್‌ನೆಸ್ ಶುರು ಮಾಡಿದವರ ಬಾಯಲ್ಲಿ ಈ ಮಾತು ನೀವೂ ಕೇಳಿರ್ತೀರಿ. ಆದರೆ ಮನಸ್ಸು ಆಚೆ ಈಚೆ ಓಡದಿದ್ದರೆ ಇಲ್ಲಿ ಅಭ್ಯಾಸ ಮಾಡೋಕೆ ಏನೂ ಉಳಿಯಲ್ಲ. ಯಾಕೆ ಅಂತ ನೋಡೋಣ.

ಮೊದಲು ಪದದ ಕಥೆ. ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ಇದಕ್ಕೆ ‘ಸತಿ’ ಅಂತಾರೆ. ಗಾಬರಿಯಾಗಬೇಡಿ, ಸಹಗಮನದ ಸತಿ ಅಲ್ಲ. ನಮಗೆ ಗೊತ್ತಿರೋ ‘ಸ್ಮೃತಿ’ಯ ಪಾಲಿ ರೂಪ. ಅಂದರೆ ನೆನಪು. ಯಾವುದರ ನೆನಪು? ಈ ಕ್ಷಣ ನಾನು ಏನು ಮಾಡ್ತಾ ಇದ್ದೆ ಅನ್ನೋದರ ನೆನಪು. 1881ರಲ್ಲಿ ಬ್ರಿಟಿಷ್ ವಿದ್ವಾಂಸ ಟಿ. ಡಬ್ಲ್ಯು. ರೀಸ್ ಡೇವಿಡ್ಸ್ ಇದನ್ನು ‘ಮೈಂಡ್‌ಫುಲ್‌ನೆಸ್’ ಎಂದು ಅನುವಾದಿಸಿದರು. 1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಇದನ್ನು ರೋಗಿಗಳಿಗೆ ಕಲಿಸತೊಡಗಿದರು. ವರ್ಷಗಟ್ಟಲೆ ನೋವು ತಿಂದವರು ಅವರಲ್ಲಿ ಅನೇಕರು. ನೋವು ಮರೆಯೋ ಉಪಾಯವನ್ನಲ್ಲ, ಅದನ್ನೇ ಗಮನಿಸೋದನ್ನು ಅಲ್ಲಿ ಹೇಳಿಕೊಟ್ಟರು. ಹಾಗಾಗಿ ‘ರಿಲ್ಯಾಕ್ಸ್ ಆಗೋ ಟೆಕ್ನಿಕ್’ ಅನ್ನೋದೂ ಪೂರ್ತಿ ಸರಿಯಲ್ಲ. ಕೆಲವೊಮ್ಮೆ ಹಾಯಾಗಿರುತ್ತೆ, ಕೆಲವೊಮ್ಮೆ ಇಲ್ಲ.

ಈಗ ಮುಖ್ಯ ವಿಷಯ. 2012ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಧ್ಯಾನದ ಅಭ್ಯಾಸವಿದ್ದ 14 ಮಂದಿಯನ್ನು ಸ್ಕ್ಯಾನರ್ ಒಳಗೆ ಮಲಗಿಸಿ, ಉಸಿರನ್ನು ಗಮನಿಸಿ ಎಂದರು. ಮನಸ್ಸು ಎಲ್ಲೋ ಹೋಗಿದೆ ಅಂತ ಗೊತ್ತಾದ ತಕ್ಷಣ ಒಂದು ಬಟನ್ ಒತ್ತಬೇಕು. ಅಭ್ಯಾಸ ಇದ್ದವರೂ ಒತ್ತಬೇಕಾಯಿತು ಅನ್ನೋದೇ ನನಗೆ ಇಷ್ಟವಾದ ಅಂಶ. ಸಂಶೋಧಕರು ಅಲ್ಲೊಂದು ಚಕ್ರ ಗುರುತಿಸಿದರು: ಮನಸ್ಸು ಅಲೆಯುತ್ತೆ, ಅದು ಗೊತ್ತಾಗುತ್ತೆ, ಗಮನ ವಾಪಸ್ ಬರುತ್ತೆ, ಸ್ವಲ್ಪ ಹೊತ್ತು ನಿಲ್ಲುತ್ತೆ. ಮತ್ತೆ ಅಲೆಯುತ್ತೆ. ಜಿಮ್‌ನಲ್ಲಿ ಡಂಬೆಲ್ ಒಂದು ಸಲ ಎತ್ತಿದ ಹಾಗೆ, ಇಲ್ಲಿ ಒಂದು ಸುತ್ತು.

ನೀವೇ ನೋಡಿ. ಉಸಿರು ಹೊರಗೆ ಬಿಡುವಾಗ ಒಂದು, ಎರಡು ಅಂತ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ. ಮೂರಕ್ಕೆ ಬಂದಾಗ ಫೋನ್ ವೈಬ್ರೇಟ್ ಆಯ್ತು ಅನ್ನಿ. ‘ಅವಳ ರಿಪ್ಲೈ ಇರಬಹುದಾ?’ ಅಲ್ಲಿಂದ ನಿನ್ನೆಯ ಜಗಳ, ನಾಳೆಯ ಇಂಟರ್ವ್ಯೂ. ‘ಅರೆ, ಎಣಿಸ್ತಾ ಇದ್ದೆನಲ್ಲ!’ ಆ ‘ಅರೆ’ ಇದೆಯಲ್ಲ, ಅದೇ ಸ್ಮೃತಿ. ಬೈದುಕೊಳ್ಳದೆ ಒಂದರಿಂದ ಶುರು ಮಾಡಿ. ಎಣಿಕೆ ಹದಿನಾಲ್ಕಕ್ಕೆ ಹೋಗಿದ್ದರೆ, ಬಾಯಿ ಎಣಿಸ್ತಾ ಇತ್ತು, ನೀವು ಅಲ್ಲಿರಲಿಲ್ಲ ಅಂತ ಅರ್ಥ.

ಉಸಿರನ್ನು ಬೇಕಂತಲೇ ಎಳೆಯಬೇಡಿ. ತಲೆ ಸುತ್ತಿದರೆ ಅದೇ ಆಗ್ತಿರಬಹುದು. ತೂಕಡಿಕೆ ಬಂದರೆ ಕಣ್ಣು ತೆರೆದೇ ಕೂತುಕೊಳ್ಳಿ. ಇನ್ನು ಕೆಲವರಿಗೆ, ಅದರಲ್ಲೂ ದೊಡ್ಡ ಆಘಾತ ಅನುಭವಿಸಿದವರಿಗೆ, ಸುಮ್ಮನೆ ಕೂತಾಗ ಭಯ, ಹಳೇ ನೆನಪು ನುಗ್ಗಿ ಬರಬಹುದು. ಆಗ ಹಲ್ಲು ಕಚ್ಚಿ ಕೂರೋದು ಬೇಡ. ನಿಲ್ಲಿಸಿ, ಎದ್ದು ಓಡಾಡಿ. ಅದು ಮರುಕಳಿಸ್ತಾ ಇದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.