ಗುರಿ ಹಿಡಿದಾಗ ಮಾತ್ರ ಬಿಗಿಯುವ ಕೈ

ಗೇಮಿನಲ್ಲಿ ಬಂದೂಕು ಹೊತ್ತ ಪಾತ್ರವೊಂದು ಓಡುತ್ತಿದೆ. ಬಂದೂಕು ಬಲಗೈಯಲ್ಲಿದೆ, ಎಡಗೈ ಓಟದ ಲಯಕ್ಕೆ ತಕ್ಕಂತೆ ಬೀಸುತ್ತಿದೆ. ನೀವು ಗುರಿ ಹಿಡಿಯುವ ಗುಂಡಿ ಒತ್ತುತ್ತೀರಿ. ಎಡಗೈ ಮುಂದೆ ಬಂದು ಬಂದೂಕಿನ ಕೊಳವೆಯ ಕೆಳಭಾಗವನ್ನು ಹಿಡಿಯಬೇಕು. ಬಂದೂಕು ಮೇಲೆ ಕೆಳಗೆ ತಿರುಗಿದರೂ ಬೆರಳು ಅಲ್ಲಿಂದ ಜಾರಬಾರದು.

ಓಟದ ಬೀಸನ್ನು ಅನಿಮೇಟರ್ ಮೊದಲೇ ರೂಪಿಸಿಟ್ಟಿರುತ್ತಾರೆ. ಅಲ್ಲಿ ಭುಜ ತಿರುಗಿದರೆ ಮೊಣಕೈ ತಿರುಗುತ್ತದೆ, ಅದರ ಹಿಂದೆ ಅಂಗೈ ಹೋಗುತ್ತದೆ. ಆದರೆ ಆಟಗಾರ ಎತ್ತ ಗುರಿಯಿಡುತ್ತಾನೆಂದು ಅನಿಮೇಟರ್‌ಗೆ ಮೊದಲೇ ಗೊತ್ತಿರುವುದಿಲ್ಲ. ಆಗ ಲೆಕ್ಕ ತಿರುವುಮುರುವಾಗುತ್ತದೆ: ಅಂಗೈ ಎಲ್ಲಿರಬೇಕೆಂಬುದನ್ನು ಮೊದಲು ಹೇಳಿ, ಭುಜ ಮತ್ತು ಮೊಣಕೈ ಎಷ್ಟು ಮಡಚಬೇಕೆಂದು ಕಂಪ್ಯೂಟರಿನಿಂದ ಕಂಡುಹಿಡಿಸುತ್ತೇವೆ. ಇದೇ ಇನ್‌ವರ್ಸ್ ಕೈನಮ್ಯಾಟಿಕ್ಸ್, ಚುಟುಕಾಗಿ ಐಕೆ. ಯೂನಿಟಿ ಎಂಜಿನ್‌ನ ಅನಿಮೇಷನ್ ರಿಗ್ಗಿಂಗ್ ಪ್ಯಾಕೇಜಿನಲ್ಲಿ ಈ ಕೆಲಸಕ್ಕೆ ಟೂ ಬೋನ್ ಐಕೆ ಕನ್‌ಸ್ಟ್ರೈಂಟ್ ಇದೆ.

ಅದನ್ನು ಸದಾ ಚಾಲೂ ಇಟ್ಟರೆ ಓಡುವಾಗಲೂ ಎಡಗೈ ಬಂದೂಕಿಗೆ ಮೊಳೆ ಹೊಡೆದಂತೆ ಅಂಟಿಕೊಂಡಿರುತ್ತದೆ, ಅನಿಮೇಟರ್‌ನ ಶ್ರಮ ಕಾಣುವುದೇ ಇಲ್ಲ. ಅದಕ್ಕೆಂದೇ ಪ್ರತಿ ಕನ್‌ಸ್ಟ್ರೈಂಟಿಗೂ, ಅವುಗಳನ್ನು ಒಟ್ಟುಗೂಡಿಸುವ ರಿಗ್‌ಗೂ 0ಯಿಂದ 1ರವರೆಗಿನ ವೇಟ್ ಇದೆ. 0 ಎಂದರೆ ಅನಿಮೇಷನ್ನಿನ ಭಂಗಿ ಇದ್ದಂತೆಯೇ. 1 ಎಂದರೆ ಐಕೆ ಹೇಳಿದಂತೆ. ಇದು ಬಲ್ಬಿನ ಸ್ವಿಚ್ ಅಲ್ಲ, ಫ್ಯಾನಿನ ರೆಗ್ಯುಲೇಟರ್. ಒಮ್ಮೆಲೇ 0ಯಿಂದ 1ಕ್ಕೆ ತಿರುಗಿಸಿದರೆ ಕೈ ಒಂದೇ ಫ್ರೇಮಿನಲ್ಲಿ ಜಿಗಿಯುತ್ತದೆ. ಹಾಗಾಗಿ ಸುಮಾರು 0.2 ಸೆಕೆಂಡು ತೆಗೆದುಕೊಂಡು ಏರಿಸಬೇಕು. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಅದು 12 ಫ್ರೇಮ್.

```csharp
float goal = aiming && !reloading ? 1f : 0f;
w = Mathf.MoveTowards(w, goal, Time.deltaTime / 0.2f);
handRig.weight = Mathf.SmoothStep(0f, 1f, w);
```

ಎರಡನೆಯ ಸಾಲು ವೇಟನ್ನು ಸಮ ವೇಗದಲ್ಲಿ ಸರಿಸುತ್ತದೆ, ಮೂರನೆಯದು ಆರಂಭ ಮತ್ತು ಕೊನೆಯನ್ನು ಮೃದುವಾಗಿಸುತ್ತದೆ. ಎಷ್ಟೋ ಜನ ಇಲ್ಲಿ `Lerp` ಬಳಸಿ, ಪ್ರತಿ ಫ್ರೇಮಿನಲ್ಲೂ ಉಳಿದ ದೂರದ ಒಂದು ಪಾಲನ್ನಷ್ಟೇ ಕ್ರಮಿಸುತ್ತಾರೆ. ಆಗ ವೇಟ್ ಸೊನ್ನೆಯ ಹತ್ತಿರ ಹತ್ತಿರ ಹೋಗುತ್ತಲೇ ಇರುತ್ತದೆ, ಮುಟ್ಟುವ ಗಳಿಗೆ ಯಾವುದೆಂದು ಹೇಳಲಾಗುವುದಿಲ್ಲ. ಆ ಗಳಿಗೆ ಗೊತ್ತಿರುವುದು ಏಕೆ ಮುಖ್ಯವೆಂದು ಮುಂದೆ ತಿಳಿಯುತ್ತದೆ.

ಇಷ್ಟು ಮಾಡಿದರೂ ಕೆಲವೊಮ್ಮೆ ಕೈ ಎದೆಯ ಒಳಗಿನಿಂದ ಹಾದುಬರುತ್ತದೆ. ವೇಟ್ 0.5 ಇದ್ದಾಗ ಟೂ ಬೋನ್ ಐಕೆ ಮಾಡುವುದಿಷ್ಟೇ: ಅನಿಮೇಷನ್ನಿನಲ್ಲಿ ಅಂಗೈ ಇದ್ದ ಜಾಗಕ್ಕೂ ಗುರಿಯ ಜಾಗಕ್ಕೂ ನಡುವೆ ನೇರ ಗೆರೆ ಎಳೆದು, ಅದರ ಮಧ್ಯಬಿಂದುವಿಗೆ ಅಂಗೈಯನ್ನು ಒಯ್ಯುತ್ತದೆ. ಆ ಗೆರೆಗೆ ಅಡ್ಡವಾಗಿ ಮೈ ಇದೆಯೇ ಎಂಬುದು ಅದಕ್ಕೆ ತಿಳಿಯದು. ಕೈ ಬೆನ್ನ ಹಿಂದೆ ಬೀಸಿದ್ದಾಗ ಗುಂಡಿ ಒತ್ತಿದರೆ ಪಕ್ಕೆಲುಬಿನ ಮೂಲಕವೇ ದಾರಿ. ಇದಕ್ಕೆ ವೇಟಿನ ವೇಗ ಬದಲಿಸುವುದು ಪರಿಹಾರವಲ್ಲ. ಗುರಿ ಹಿಡಿವ ಭಂಗಿಯ ಅನಿಮೇಷನ್ ಒಂದಿರಬೇಕು. ಕೈಯನ್ನು ಬಂದೂಕಿನ ಸಮೀಪಕ್ಕೆ ತರುವುದು ಅದರ ಕೆಲಸ, ಕೊನೆಯ ನಾಲ್ಕಾರು ಸೆಂಟಿಮೀಟರ್ ಸರಿಪಡಿಸುವುದಷ್ಟೇ ಐಕೆಯ ಕೆಲಸ. ಈ ಹಂಚಿಕೆಯನ್ನು ಒಪ್ಪಿಕೊಂಡರೆ ಅರ್ಧ ತೊಂದರೆ ತಾನಾಗಿಯೇ ಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಗುಂಡು ತುಂಬುವಾಗ ಎಡಗೈ ಬಂದೂಕನ್ನು ಬಿಟ್ಟು ಸೊಂಟದ ಪಟ್ಟಿಗೆ ಹೋಗಬೇಕು. ಬೆನ್ನನ್ನು ಗುರಿಯತ್ತ ತಿರುಗಿಸುವ ರಿಗ್ ಹಾಗೇ ಇರಲಿ, ಎಡಗೈಯ ರಿಗ್ ಮಾತ್ರ ಇಳಿಯಲಿ. ಇವೆರಡನ್ನೂ ಬೇರೆ ಬೇರೆ ಇಡುವುದು ಇದಕ್ಕಾಗಿಯೇ. ರಿಗ್ ಬಿಲ್ಡರಿನ ಪಟ್ಟಿಯಲ್ಲಿ ಬೆನ್ನಿನದು ಮೇಲೆ, ಕೈಯದು ಕೆಳಗೆ ಇರಬೇಕು. ಲೆಕ್ಕ ನಡೆಯುವುದು ಮೇಲಿನಿಂದ ಕೆಳಕ್ಕೆ. ಅದಲುಬದಲಾದರೆ ಕೈ ಹಿಡಿದ ಮೇಲೆ ಬೆನ್ನು ತಿರುಗಿ, ಹಿಡಿತ ತಪ್ಪುತ್ತದೆ.

ಬಾಗಿಲ ಹಿಡಿ, ಏಣಿಯ ಮೆಟ್ಟಿಲು ಮುಂತಾದವನ್ನು ಹಿಡಿಯುವಾಗ ಇನ್ನೊಂದು ಎಚ್ಚರ ಬೇಕು. ವೇಟ್ ಏರಿಸುವ ಮೊದಲೇ ಗುರಿಬಿಂದುವನ್ನು ಹಿಡಿಯ ಮೇಲೆ ಇಡಬೇಕು. ಬಿಡುವಾಗ ವೇಟ್ ಪೂರ್ತಿ 0 ಆಗುವವರೆಗೆ ಅದನ್ನು ಅಲ್ಲಿಂದ ಕದಲಿಸಬಾರದು. ವೇಟ್ ಇನ್ನೂ 0.8 ಇರುವಾಗಲೇ ಬಿಂದುವನ್ನು ಮುಂದಿನ ವಸ್ತುವಿಗೆ ಒಯ್ದರೆ ಕೈ ಅತ್ತ ಚಿಮ್ಮುತ್ತದೆ. ಸೊನ್ನೆ ಮುಟ್ಟುವ ಗಳಿಗೆ ಗೊತ್ತಿರಬೇಕೆಂದದ್ದು ಇದಕ್ಕೇ.

ವೇಟ್ ಬದಲಿಸುವ ಕೋಡ್ `Update`ನಲ್ಲಿರಲಿ. ಅನಿಮೇಷನ್ ಲೆಕ್ಕ ಅದರ ನಂತರ, `LateUpdate`ಗೂ ಮೊದಲು ನಡೆಯುತ್ತದೆ. ಗುರಿಬಿಂದುವನ್ನು `LateUpdate`ನಲ್ಲಿ ಸರಿಸಿದರೆ ಕೈ ಸದಾ ಒಂದು ಫ್ರೇಮ್ ಹಿಂದುಳಿಯುತ್ತದೆ.

ನಿಮ್ಮ ಪಾತ್ರದ ಕೈ ಎಲ್ಲೋ ತಡವರಿಸುತ್ತಿದೆ ಎನಿಸಿದರೆ `Time.timeScale` ಅನ್ನು 0.1ಕ್ಕೆ ಇಳಿಸಿ, ಗುರಿ ಹಿಡಿದು ಬಿಟ್ಟು ನೋಡಿ. ಹತ್ತುಪಟ್ಟು ನಿಧಾನದಲ್ಲಿ ಮಣಿಕಟ್ಟು ಎಲ್ಲಿ ಜಿಗಿಯಿತು, ಎಲ್ಲಿ ಮೈಯೊಳಗೆ ಹೊಕ್ಕಿತು ಎಂಬುದು ಕಣ್ಣಿಗೇ ಕಾಣುತ್ತದೆ.