ಚಿನ್ನದ ಜೊತೆಗೆ ಷೇರು: ಅಪಾಯ ಇಳಿಯುವ ಲೆಕ್ಕ

2008ರ ಜನವರಿಯಲ್ಲಿ ಸೆನ್ಸೆಕ್ಸ್ 20 ಸಾವಿರದ ಮೇಲಿತ್ತು. ಡಿಸೆಂಬರ್ ಮುಗಿಯುವ ಹೊತ್ತಿಗೆ 10 ಸಾವಿರದ ಕೆಳಗೆ ಬಂದಿತ್ತು. ಅದೇ ವರ್ಷ ನಮ್ಮಲ್ಲಿ ಚಿನ್ನದ ಬೆಲೆ ಮಾತ್ರ ಏರಿತು. ಕಾರಣ ಇಲ್ಲಿಯದೇ. ವಿದೇಶಿ ಹೂಡಿಕೆದಾರರು ಷೇರು ಮಾರಿ ಹಣ ವಾಪಸ್ ಒಯ್ದಾಗ ರೂಪಾಯಿ ಕುಸಿಯುತ್ತದೆ. 2008ರ ಆರಂಭದಲ್ಲಿ ಡಾಲರಿಗೆ 39 ರೂಪಾಯಿಯ ಆಸುಪಾಸಿನಲ್ಲಿದ್ದ ದರ ವರ್ಷದ ಕೊನೆಗೆ 48 ದಾಟಿತು. ಚಿನ್ನದ ಜಾಗತಿಕ ಬೆಲೆ ಡಾಲರಿನಲ್ಲಿ ನಿಗದಿಯಾಗುವುದರಿಂದ, ಅದು ಇದ್ದಲ್ಲೇ ಇದ್ದರೂ ಚಿಕ್ಕಪೇಟೆಯ ಅಂಗಡಿಯಲ್ಲಿ ದರ ಮೇಲೇರುತ್ತದೆ.

ಒಂದು ಬಿದ್ದಾಗ ಇನ್ನೊಂದೂ ಬೀಳುತ್ತದೆಯೇ ಎಂಬುದನ್ನು ಅಳೆಯುವ ಸಂಖ್ಯೆಗೆ ಸಹಸಂಬಂಧ ಎನ್ನುತ್ತಾರೆ. ಎರಡೂ ಸದಾ ಒಂದೇ ಅಳತೆಯಲ್ಲಿ ಜೊತೆಯಾಗಿ ಏರಿಳಿದರೆ ಅದು 1, ತದ್ವಿರುದ್ಧವಾಗಿ ನಡೆದರೆ -1, ಒಂದರ ನಡೆಯಿಂದ ಇನ್ನೊಂದರ ನಡೆಯ ಸುಳಿವೇ ಸಿಗದಿದ್ದರೆ ಸುಮಾರು ಸೊನ್ನೆ. ಹೂಡಿಕೆಯ ಅಪಾಯದ ಲೆಕ್ಕಕ್ಕೆ ಈ ಸಂಖ್ಯೆಯನ್ನು ತಂದವರು ಹ್ಯಾರಿ ಮಾರ್ಕೊವಿಟ್ಜ್. 1952ರಲ್ಲಿ ಅವರು ಬರೆದ ಲೇಖನಕ್ಕೆ ಸಂದ ನೊಬೆಲ್ ಗೌರವ ಬಂದದ್ದು 1990ರಲ್ಲಿ.

ಲೆಕ್ಕ ಮಾಡಿಯೇ ನೋಡಬಹುದು. ಷೇರು ಸೂಚ್ಯಂಕದ ಫಂಡ್ ವರ್ಷಕ್ಕೆ ಸರಾಸರಿ ಶೇ 12 ಗಳಿಸುತ್ತದೆ, ಆ ಸರಾಸರಿಯಿಂದ ಆಚೀಚೆ ಶೇ 20ರಷ್ಟು ಓಲಾಡುತ್ತದೆ ಎಂದಿಟ್ಟುಕೊಳ್ಳೋಣ. ಚಿನ್ನದ ಗಳಿಕೆ ಶೇ 8, ಓಲಾಟ ಶೇ 15. ಇವು ಉದಾಹರಣೆಯ ಅಂಕಿಗಳು, ಭವಿಷ್ಯವಾಣಿಯಲ್ಲ. ಈ ಓಲಾಟವನ್ನೇ ಹಣಕಾಸಿನವರು ಅಪಾಯ ಎನ್ನುವುದು. ಅದರಲ್ಲಿ ಏರಿಕೆಯೂ ಲೆಕ್ಕಕ್ಕೆ ಬರುತ್ತದೆ ಎಂಬುದು ಸ್ವಲ್ಪ ವಿಚಿತ್ರವೇ.

ಹಣದ ಶೇ 60 ಷೇರಿಗೆ, ಶೇ 40 ಚಿನ್ನಕ್ಕೆ ಹಾಕಿದರೆ ನಿರೀಕ್ಷಿತ ಗಳಿಕೆ 7.2 ಕೂಡಿಸು 3.2, ಅಂದರೆ ಶೇ 10.4. ಸಹಸಂಬಂಧ ಎಷ್ಟೇ ಇರಲಿ, ಈ ಉತ್ತರ ಬದಲಾಗುವುದಿಲ್ಲ.

ಅಪಾಯದ ಕತೆ ಬೇರೆ. ಷೇರಿನ ಪಾಲಿನ ಓಲಾಟ 20ರಲ್ಲಿ ಶೇ 60, ಅಂದರೆ 12. ಚಿನ್ನದ ಪಾಲಿನದು 15ರಲ್ಲಿ ಶೇ 40, ಅಂದರೆ 6. 12ರ ವರ್ಗ 144, 6ರ ವರ್ಗ 36, ಎರಡೂ ಸೇರಿ 180. ಇದಕ್ಕೆ 12 ಮತ್ತು 6ರ ಗುಣಲಬ್ಧದ ಎರಡರಷ್ಟನ್ನು, ಅಂದರೆ 144ನ್ನು, ಸಹಸಂಬಂಧದಿಂದ ಗುಣಿಸಿ ಸೇರಿಸಬೇಕು. ಬಂದ ಮೊತ್ತದ ವರ್ಗಮೂಲವೇ ಒಟ್ಟು ಅಪಾಯ. ಸಹಸಂಬಂಧ 1 ಆದರೆ ಮೊತ್ತ 324, ಅಪಾಯ ಶೇ 18. ಎರಡು ಕಡೆ ಹಂಚಿದ್ದರಿಂದ ವಿಶೇಷ ಲಾಭವೇನೂ ಇಲ್ಲ. ಸೊನ್ನೆಯಾದರೆ ಶೇ 13.4. -1 ಆದರೆ ಬರೀ 6, ಆದರೆ ಅಂಥ ಜೋಡಿ ಮಾರುಕಟ್ಟೆಯಲ್ಲಿ ಸಿಗುವುದು ಕನಸಿನ ಮಾತು.

ಸೊನ್ನೆಯ ಉತ್ತರವನ್ನು ಇನ್ನೊಮ್ಮೆ ನೋಡಬೇಕು. ಷೇರಿನ ಸಹವಾಸವೇ ಬೇಡ ಎಂದು ಚಿನ್ನವನ್ನಷ್ಟೇ ಇಟ್ಟುಕೊಂಡ ಮನೆಯ ಅಪಾಯ ಶೇ 15, ಗಳಿಕೆ ಶೇ 8. ಹೆಚ್ಚು ಓಲಾಡುವ ಷೇರನ್ನು ಅರ್ಧಕ್ಕಿಂತ ಜಾಸ್ತಿ ಸೇರಿಸಿದ ಮೇಲೆ ಅಪಾಯ 13.4ಕ್ಕೆ ಇಳಿದು ಗಳಿಕೆ 10.4ಕ್ಕೆ ಏರಿದೆ! ಅತಿ ಕಡಿಮೆ ಅಪಾಯ ಬೇಕೆಂದರೆ ಷೇರಿಗೆ ಶೇ 36, ಚಿನ್ನಕ್ಕೆ ಶೇ 64. ಆಗ ಪಾಲುಗಳ ಓಲಾಟ 7.2 ಮತ್ತು 9.6, ಒಟ್ಟು ಅಪಾಯ ಸರಿಯಾಗಿ 12. ಶಾಲೆಯಲ್ಲಿ ಕಲಿತ 3, 4, 5ರ ಲಂಬಕೋನ ತ್ರಿಭುಜವೇ ಇದು: ಸಹಸಂಬಂಧ ಸೊನ್ನೆಯಾದಾಗ ಅಪಾಯಗಳು ಪೈಥಾಗೊರಸ್ ಹೇಳಿದಂತೆ ಕೂಡುತ್ತವೆ.

ಮನೆಯಲ್ಲೇ ಸಹಸಂಬಂಧ ಅಳೆಯಲು ಹೊರಟವರು ಎಡವುವ ಜಾಗ ಒಂದಿದೆ. ಎಕ್ಸೆಲ್‌ನಲ್ಲಿ ಐದು ವರ್ಷಗಳ ತಿಂಗಳವಾರು ಅಂಕಿಗಳನ್ನು ತುಂಬಿ `=CORREL(B2:B61,C2:C61)` ಎಂದು ಕೊಟ್ಟರೆ ಉತ್ತರ ಬರುತ್ತದೆ. ಆದರೆ ಅಲ್ಲಿ ತುಂಬಬೇಕಾದದ್ದು ಬೆಲೆಯನ್ನಲ್ಲ, ಹಿಂದಿನ ತಿಂಗಳಿಗಿಂತ ಬೆಲೆ ಶೇಕಡಾ ಎಷ್ಟು ಬದಲಾಯಿತು ಎಂಬುದನ್ನು. ಬೆಲೆಯನ್ನೇ ಕೊಟ್ಟರೆ, ವರ್ಷಗಟ್ಟಲೆ ಎರಡೂ ಏರುತ್ತಲೇ ಬಂದದ್ದರಿಂದ ಉತ್ತರ 1ರ ಹತ್ತಿರ ಬಂದು ದಾರಿ ತಪ್ಪಿಸುತ್ತದೆ.

ಸರಿಯಾಗಿ ಅಳೆದರೂ ಆ ಸಂಖ್ಯೆ ನಿಂತಲ್ಲಿ ನಿಲ್ಲುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಭೀತಿಗೆ ಷೇರುಪೇಟೆಗಳು ನೆಲಕಚ್ಚಿದಾಗ, ಕೈಗೆ ನಗದು ಬೇಕಾದವರು ಚಿನ್ನವನ್ನೂ ಮಾರಿದರು. ಕೆಲವು ದಿನ ಜಗತ್ತಿನಾದ್ಯಂತ ಎರಡೂ ಒಟ್ಟಿಗೆ ಇಳಿದವು. ಚಿನ್ನ ಬೇಗ ಚೇತರಿಸಿಕೊಂಡಿತು ಎನ್ನುವುದು ಬೇರೆ ಮಾತು. ಮೇಲಿನ 60:40ರ ಜೋಡಿಯಲ್ಲಿ ಸಹಸಂಬಂಧ ಸೊನ್ನೆಯಿಂದ 0.5ಕ್ಕೆ ಏರಿದರೆ ಅಪಾಯ 13.4ರಿಂದ 15.9 ಆಗುತ್ತದೆ, ಚಿನ್ನ ಒಂದನ್ನೇ ಇಟ್ಟುಕೊಂಡದ್ದಕ್ಕಿಂತ ಹೆಚ್ಚು. ಅದು 0.75 ಮುಟ್ಟಿದರೆ, ಅಂದರೆ 15ನ್ನು 20ರಿಂದ ಭಾಗಿಸಿದಷ್ಟಾದರೆ, ಚಿನ್ನಕ್ಕೆ ಷೇರನ್ನು ಎಷ್ಟೇ ಸಣ್ಣ ಪ್ರಮಾಣದಲ್ಲಿ ಬೆರೆಸಿದರೂ ಅಪಾಯ ತಗ್ಗುವುದಿಲ್ಲ.